ಕಾರ್ಡಿನ ಮೇಲಿನ ಅಳುಮುಖ ಗೊತ್ತು, ಪಕ್ಕದಲ್ಲಿ ಅಳುವ ಗೆಳೆಯ ಕಾಣುವುದಿಲ್ಲ: ಯಾವ ಆಟ ಆಡಿಸಬೇಕು?

ಮರಳುಗುಂಡಿ

ಮೂರೂವರೆಯಿಂದ ಐದು ವರ್ಷದವರೆಗಿನ ಮಕ್ಕಳ ಗುಂಪೊಂದನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ದಿನದ ಬಹುಪಾಲು ಆಟದಲ್ಲೇ ಕಳೆಯುತ್ತದೆ, ಪಾಠವೆಂದು ಬೇರೆ ಇಲ್ಲ. ಮುಖಗಳ ಕಾರ್ಡು ತೋರಿಸಿ ‘ಇವನಿಗೆ ಏನಾಗಿದೆ?’ ಎಂದು ಕೇಳುವ ಆಟವನ್ನು ಬಹಳ ದಿನಗಳಿಂದ ಆಡಿಸುತ್ತಿದ್ದೇನೆ. ಖುಷಿ, ದುಃಖ, ಸಿಟ್ಟು, ಭಯ ಎಂಬ ನಾಲ್ಕನ್ನೂ ಈಗ ಎಲ್ಲರೂ ಥಟ್ಟನೆ ಹೇಳುತ್ತಾರೆ.

ಆದರೆ ಮೊನ್ನೆ ಒಬ್ಬ ಹುಡುಗ ಬಹಳ ಹೊತ್ತು ಕುಳಿತು ಕಟ್ಟಿದ ಬ್ಲಾಕುಗಳ ಗೋಪುರವನ್ನು ಇನ್ನೊಬ್ಬಳು ಕಾಲಿನಿಂದ ತಳ್ಳಿ ಬೀಳಿಸಿದಳು. ಅವನು ಮುಖ ಕೆಂಪಾಗಿಸಿಕೊಂಡು ಅಳತೊಡಗಿದ. ಅವಳು ನಗುತ್ತಲೇ ಇದ್ದಳು. ಕಾರ್ಡಿನ ಆಟದಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಹೇಳುವ ಮೂವರು ಅವನ ಪಕ್ಕದಲ್ಲೇ ತಮ್ಮ ಆಟ ಮುಂದುವರಿಸಿದರು. ಕಾರ್ಡಿನಿಂದ ನಿಜವಾದ ಮಗುವಿನ ಕಡೆಗೆ ಮಕ್ಕಳನ್ನು ಕರೆದೊಯ್ಯುವಂಥ ಗುಂಪು ಆಟಗಳು ಯಾವುವು? ಆಡಿಸಿದ ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ತಾಳಮೇಳ

ಕಾರ್ಡುಗಳನ್ನು ಪಕ್ಕಕ್ಕಿಟ್ಟು ಮೈಯನ್ನು ಬಳಸಿ ನೋಡಿ ಎಂಬುದು ನನ್ನ ಸಲಹೆ. ನಾನು ಸಂಗೀತ ಹಾಕಿ ಮಕ್ಕಳನ್ನು ಕುಣಿಸುತ್ತೇನೆ. ಸಂಗೀತ ನಿಂತ ಕೂಡಲೇ ‘ಸಿಟ್ಟು’ ಎಂದರೆ ಎಲ್ಲರೂ ಸಿಟ್ಟಿನ ಮುಖ ಮಾಡಿ ಕಲ್ಲಾಗಿ ನಿಲ್ಲಬೇಕು, ‘ಭಯ’ ಎಂದರೆ ಭಯದ ಮುಖ. ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಕನ್ನಡಿಯಾಟ ಆಡಿಸುತ್ತೇನೆ, ಒಬ್ಬರು ಮಾಡಿದ ಮುಖವನ್ನು ಇನ್ನೊಬ್ಬರು ಹಾಗೆಯೇ ಮಾಡಬೇಕು. ಇನ್ನೊಬ್ಬರ ಮುಖ ನಮ್ಮ ಮುಖಕ್ಕೆ ಬಂದರೆ ಅವರ ಭಾವನೆಯೂ ನಮ್ಮೊಳಗೆ ಬರುತ್ತದೆ. ಸಹಾನುಭೂತಿ ಹುಟ್ಟುವುದು ಹೀಗೆಯೇ. ಆರೇಳು ಭಾವನೆಗಳನ್ನು ಒಟ್ಟಿಗೆ ತೆಗೆದುಕೊಳ್ಳಿ, ಆಶ್ಚರ್ಯ ಮತ್ತು ಅಸಹ್ಯವನ್ನು ಬಿಡಬೇಡಿ; ಮಕ್ಕಳಿಗೆ ಅವೇ ಬಲು ಇಷ್ಟ.

ಕೈಬೊಂಬೆ

ತಾಳಮೇಳ ಅವರು ಹೇಳಿದ ಆಟ ಆರಂಭಕ್ಕೆ ಒಳ್ಳೆಯದೇ. ಮುಖದ ಕಡೆ ಕಣ್ಣು ಹರಿಸುವ ಅಭ್ಯಾಸ ಅದರಿಂದ ಬರುತ್ತದೆ, ನಾಚಿಕೆಯ ಮಕ್ಕಳೂ ಸೇರಿಕೊಳ್ಳುತ್ತಾರೆ. ಆದರೆ ಸಹಾನುಭೂತಿ ಅಲ್ಲಿಯೇ ಹುಟ್ಟುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಆ ಆಟದಲ್ಲಿ ಯಾರಿಗೂ ಏನೂ ಆಗಿರುವುದಿಲ್ಲ. ಸಿಟ್ಟು ಬಂದಿರುವುದು ಹುಬ್ಬಿಗೆ ಮಾತ್ರ. ಏಕೆ ಬಂತು, ಯಾರಿಂದ ಬಂತು, ಇನ್ನೇನು ಮಾಡಿದರೆ ಇಳಿಯುತ್ತದೆ ಎಂಬ ಯಾವ ಪ್ರಶ್ನೆಯೂ ಏಳುವುದಿಲ್ಲ. ಮರಳುಗುಂಡಿ ಅವರ ಕಾರ್ಡುಗಳಿಗೂ ಇದೇ ಮಿತಿ ಇದೆ.

ಆರೇಳು ಭಾವನೆಗಳನ್ನು ಒಟ್ಟಿಗೆ ತರುವುದೂ ಈ ವಯಸ್ಸಿಗೆ ಹೆಚ್ಚಾಗುತ್ತದೆ. ಚಿಕ್ಕ ಮಕ್ಕಳು ಮೊದಲು ಗುರುತಿಸುವುದು ಖುಷಿಯನ್ನು. ಅದರ ಹಿಂದೆಯೇ ದುಃಖ ಮತ್ತು ಸಿಟ್ಟು ಬರುತ್ತವೆ, ಅವೆರಡೂ ಸ್ವಲ್ಪ ಕಾಲ ಒಂದರೊಳಗೊಂದು ಬೆರೆತಿರುತ್ತವೆ. ಭಯದ ಮುಖವನ್ನು ಆಶ್ಚರ್ಯವೆಂದೂ ಅಸಹ್ಯದ ಮುಖವನ್ನು ಸಿಟ್ಟೆಂದೂ ಹೇಳುವುದು ಶಾಲೆಗೆ ಸೇರಿದ ಮಕ್ಕಳಲ್ಲೂ ಕಾಣುತ್ತದೆ. ಇನ್ನೊಂದು ವಿಷಯವನ್ನು ವೈಡನ್ ಮತ್ತು ರಸೆಲ್ ಎಂಬ ಸಂಶೋಧಕರು ತೋರಿಸಿದ್ದಾರೆ: ಭಯದಂಥ ಭಾವನೆಯನ್ನು ಚಿಕ್ಕ ಮಕ್ಕಳು ಬರಿಯ ಮುಖದ ಚಿತ್ರಕ್ಕಿಂತ ಒಂದು ಪುಟ್ಟ ಕಥೆಯಿಂದ ಚೆನ್ನಾಗಿ ಹಿಡಿಯುತ್ತಾರೆ. ಆದ್ದರಿಂದ ಆಟದೊಳಗೆ ಒಂದು ಘಟನೆ ಇರಲೇಬೇಕು.

ನಾನು ಆಡಿಸುವುದು ಎರಡು ಕೈಬೊಂಬೆಗಳ ಆಟ. ಇದರ ಬೇರು ಸೂಸನ್ ಡೆನ್‌ಹ್ಯಾಮ್ ಎಂಬ ಮನೋವಿಜ್ಞಾನಿ 1986ರಲ್ಲಿ ಪ್ರಕಟಿಸಿದ ಕೆಲಸದಲ್ಲಿದೆ. ಅವರು ಮಗುವಿನ ತಿಳಿವಳಿಕೆಯನ್ನು ಅಳೆಯುವುದಕ್ಕೆ ಬೊಂಬೆಗಳನ್ನೂ ಬಟ್ಟೆಯ ಮೇಲೆ ಬಿಡಿಸಿದ ನಾಲ್ಕು ಮುಖಗಳನ್ನೂ ಬಳಸಿದರು. ಎಲ್ಲರಿಗೂ ಒಂದೇ ಬಗೆಯ ಭಾವನೆ ತರುವ ಸಂದರ್ಭಗಳು ಮೊದಲು ಬರುತ್ತವೆ. ಆಮೇಲೆ, ‘ಹೀಗಾದರೆ ನನ್ನ ಮಗುವಿಗೆ ಇಂಥ ಭಾವನೆ ಬರುತ್ತದೆ’ ಎಂದು ತಾಯಿ ಮೊದಲೇ ಹೇಳಿರುವುದಕ್ಕೆ ವಿರುದ್ಧವಾದ ಭಾವನೆಯನ್ನು ಬೊಂಬೆ ತೋರಿಸುತ್ತದೆ. ನನಗಿಲ್ಲದ ಭಾವನೆ ಇವನಿಗೆ ಇರಬಹುದು ಎಂದು ಮಗು ಒಪ್ಪುತ್ತದೆಯೇ ಎಂಬುದನ್ನು ಅಲ್ಲಿ ನೋಡುತ್ತಾರೆ. ಅಳೆಯುವ ಆ ಉಪಾಯವನ್ನು ನಾನು ಗುಂಪು ಆಟವಾಗಿ ಹಿಗ್ಗಿಸಿಕೊಂಡಿದ್ದೇನೆ. ಸಂಜೆ ಬಿಡುವಾದಾಗ ಹಂತಹಂತವಾಗಿ ಬರೆಯುತ್ತೇನೆ.

ಶಿಸ್ತುಗಾರ

ಬೊಂಬೆ, ಸಂಗೀತ ಎಲ್ಲವೂ ಇರಲಿ. ಮೂಲ ಪ್ರಶ್ನೆ ಆ ಹುಡುಗಿ ಗೋಪುರ ಬೀಳಿಸಿ ನಕ್ಕದ್ದು. ನಾನು ಬಹಳ ಕಾಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು. ತಪ್ಪು ಮಾಡಿದ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ, ಕೈ ಹಿಡಿಸಿ, ‘ಸಾರಿ’ ಹೇಳಿಸಿದರೆ ಮುಂದಿನ ಸಲ ತಾನಾಗಿಯೇ ನೆನಪಿರುತ್ತದೆ. ಬೇಕಾದರೆ ಅದನ್ನೇ ಒಂದು ಆಟ ಮಾಡಿ, ಸರದಿಯ ಪ್ರಕಾರ ಎಲ್ಲರೂ ಪಕ್ಕದವರಲ್ಲಿ ಕ್ಷಮೆ ಕೇಳಲಿ.

ಮರಳುಗುಂಡಿ

ಸರ್, ನನ್ನ ಪ್ರಶ್ನೆ ಶಿಕ್ಷೆಯ ಬಗ್ಗೆ ಅಲ್ಲ. ನಮ್ಮಲ್ಲಿ ಸಾರಿ ಹೇಳುವುದು ಮಕ್ಕಳಿಗೆ ಚೆನ್ನಾಗಿಯೇ ರೂಢಿಯಾಗಿದೆ. ಎಷ್ಟರ ಮಟ್ಟಿಗೆ ಎಂದರೆ ತಳ್ಳುವ ಮೊದಲೇ ಸಾರಿ ಹೇಳಿ ಆಮೇಲೆ ತಳ್ಳುವವರೂ ಇದ್ದಾರೆ. ಅಳುತ್ತಿರುವವನ ಕಡೆಗೆ ಅವರು ತಿರುಗಿ ನೋಡಲಿ ಎಂಬುದಷ್ಟೇ ನನ್ನ ಆಸೆ.

ಕೈಬೊಂಬೆ

ಹೇಳಿದಂತೆ ಆಟದ ವಿವರ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ಒಂದು ಗುಂಪಿಗೆ ಐದಾರು ಮಕ್ಕಳಿಗಿಂತ ಹೆಚ್ಚು ಬೇಡ, ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತೂ ಬೇಡ. ಉಳಿದವರು ತಮ್ಮ ಆಟದಲ್ಲಿರಲಿ. ಕುತೂಹಲದಿಂದ ಅವರೇ ಮುಂದಿನ ಸರದಿಗೆ ಬರುತ್ತಾರೆ. ಬೊಂಬೆಗಳಿಗೆ ಕಣ್ಣಿರಲಿ, ಬಾಯಿ ಮತ್ತು ಹುಬ್ಬು ಬೇಡ. ಪ್ರತಿ ಮಗುವಿಗೂ ನಾಲ್ಕು ಮುಖಗಳ ಪುಟ್ಟ ರಟ್ಟಿನ ಬಿಲ್ಲೆಗಳನ್ನು ಕೊಡಿ.

ಮೊದಲ ಸುತ್ತಿನಲ್ಲಿ ಎಲ್ಲರಿಗೂ ಹೊಳೆಯುವ ಘಟನೆ ಇರಲಿ. ಉದಾಹರಣೆಗೆ, ಗುಂಡ ಎಂಬ ಬೊಂಬೆಯ ಬಲೂನು ಕೈಯಿಂದ ಜಾರಿ ಹಾರಿಹೋಗುತ್ತದೆ. ಗುಂಡ ಮೇಲಕ್ಕೆ ನೋಡುತ್ತಾನೆ, ಕೈ ಚಾಚುತ್ತಾನೆ, ಭುಜ ಇಳಿಬಿಟ್ಟು ಕುಳಿತುಕೊಳ್ಳುತ್ತಾನೆ. ‘ಗುಂಡನಿಗೆ ಈಗ ಹೇಗಿದೆ?’ ಎಂದಾಗ ಮಕ್ಕಳು ಒಂದು ಬಿಲ್ಲೆಯನ್ನು ಆರಿಸಿ ಬೋರಲಾಗಿ ಇಟ್ಟು, ನೀವು ಹೇಳಿದಾಗ ಎಲ್ಲರೂ ಒಟ್ಟಿಗೆ ತಿರುಗಿಸಬೇಕು. ಬೋರಲು ಇಡಿಸುವುದನ್ನು ಮರೆಯಬೇಡಿ; ಇಲ್ಲದಿದ್ದರೆ ಮೊದಲ ಮಗು ಏನು ತೋರಿಸುತ್ತದೆಯೋ ಉಳಿದವರೂ ಅದನ್ನೇ ತೋರಿಸುತ್ತಾರೆ, ಯಾರಿಗೆ ಗೊತ್ತಿದೆ ಯಾರಿಗೆ ಗೊತ್ತಿಲ್ಲ ಎಂಬುದು ನಿಮಗೆ ತಿಳಿಯುವುದೇ ಇಲ್ಲ.

ಎರಡನೆಯ ಸುತ್ತಿನಲ್ಲಿ ಒಂದೇ ಘಟನೆ, ಎರಡು ಮನಸ್ಸು. ಎತ್ತರದ ಜಾರುಬಂಡೆಯ ಮುಂದೆ ಪುಟ್ಟಿ ಮತ್ತು ಗುಂಡ ನಿಂತಿದ್ದಾರೆ. ಪುಟ್ಟಿ ಕುಪ್ಪಳಿಸುತ್ತಾ ಮೆಟ್ಟಿಲು ಹತ್ತುತ್ತಾಳೆ. ಗುಂಡ ಎರಡು ಮೆಟ್ಟಿಲು ಹತ್ತಿ ನಿಲ್ಲುತ್ತಾನೆ, ಹಿಂದಕ್ಕೆ ನೋಡುತ್ತಾನೆ, ಕಂಬವನ್ನು ತಬ್ಬಿ ಹಿಡಿಯುತ್ತಾನೆ, ಸಣ್ಣ ದನಿಯಲ್ಲಿ ‘ಆಮೇಲೆ ಬರುತ್ತೇನೆ’ ಎನ್ನುತ್ತಾನೆ. ಭಯ ಎಂಬ ಪದವನ್ನು ನೀವು ಉಚ್ಚರಿಸಕೂಡದು. ಜಾರುಬಂಡೆ ಎಂದರೆ ಪ್ರಾಣ ಬಿಡುವ ಮಗು ಇಲ್ಲಿ ಸಾಮಾನ್ಯವಾಗಿ ನಗುಮುಖವನ್ನೇ ತಿರುಗಿಸುತ್ತದೆ. ‘ತಪ್ಪು’ ಎನ್ನಬೇಡಿ. ‘ನಿನಗೆ ಜಾರುವುದು ಖುಷಿ ಅಲ್ಲವೇ? ಗುಂಡನ ಕೈ ನೋಡು, ಎಲ್ಲಿದೆ?’ ಎಂದು ಕೇಳಿ. ಕಂಬ ತಬ್ಬಿದ ಕೈಯನ್ನು ಮಗು ನೋಡಿ, ಬಿಲ್ಲೆ ಬದಲಿಸಿದರೆ ಅಂದಿನ ಆಟ ಅಲ್ಲಿಗೆ ಸಾಕು.

ಮೂರನೆಯ ಸುತ್ತು ಮರಳುಗುಂಡಿ ಅವರ ಪ್ರಶ್ನೆಗೆ ತೀರ ಹತ್ತಿರವಾದದ್ದು. ‘ಗುಂಡನಿಗೆ ಏನು ಮಾಡೋಣ?’ ಎಂದು ಕೇಳಿದರೆ ಮಕ್ಕಳು ತಮಗೆ ಏನು ಹಿತವೋ ಅದನ್ನೇ ಕೊಡಲು ಹೋಗುತ್ತಾರೆ. ಅಳುತ್ತಿರುವ ಗೆಳೆಯನ ತಾಯಿ ಅಲ್ಲೇ ಇದ್ದರೂ ತನ್ನ ತಾಯಿಯನ್ನೇ ಕರೆತರುವ ಪುಟ್ಟ ಮಗುವಿನ ಬಗ್ಗೆ ಮನೋವಿಜ್ಞಾನಿ ಮಾರ್ಟಿನ್ ಹಾಫ್‌ಮನ್ ಬರೆದಿದ್ದಾರೆ. ಇದು ಅದೇ ಜಾತಿಯದು. ಆದ್ದರಿಂದ ನನ್ನ ಬೊಂಬೆ ಕೆಲವೊಮ್ಮೆ ಬೇಡ ಎನ್ನುತ್ತದೆ. ಮಗು ಅಪ್ಪಿಕೊಳ್ಳಲು ಬಂದರೆ ಗುಂಡ ಸ್ವಲ್ಪ ಹಿಂದೆ ಸರಿದು ‘ಈಗ ಅಪ್ಪುಗೆ ಬೇಡ’ ಎನ್ನುತ್ತಾನೆ. ಗುಂಪು ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಆಮೇಲೆ ಯಾರೋ ಒಬ್ಬರು ‘ಹಾಗಾದರೆ ಏನು ಬೇಕು?’ ಎಂದು ಬೊಂಬೆಯನ್ನೇ ಕೇಳುತ್ತಾರೆ. ಇಡೀ ಆಟವನ್ನು ನಾನು ಕಟ್ಟಿರುವುದೇ ಆ ಪ್ರಶ್ನೆ ಮಕ್ಕಳ ಬಾಯಿಂದ ಬರಲಿ ಎಂದು. ನೀವಾಗಿ ಹೇಳಿಕೊಡಬೇಡಿ, ಕಾಯಿರಿ.

ಒಂದು ಎಚ್ಚರಿಕೆ. ಏನೇ ಆದರೂ ನಗುಮುಖವನ್ನೇ ಇಡುವ ಮಗು ಪ್ರತಿ ಗುಂಪಿನಲ್ಲೂ ಸಿಗುತ್ತದೆ. ಅದಕ್ಕೆ ಅರ್ಥವಾಗಿಲ್ಲವೆಂದು ತೀರ್ಮಾನಿಸುವ ಮೊದಲು ‘ಗುಂಡ ಈಗ ಹೇಗಿದ್ದಾನೆ?’ ಮತ್ತು ‘ಗುಂಡ ಹೇಗಿರಬೇಕು ಅಂತ ನಿನಗೆ ಆಸೆ?’ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ. ಎರಡನೆಯದಕ್ಕೆ ಮಾತ್ರ ನಗುಮುಖ ಬಂದರೆ ಆ ಮಗು ಎಲ್ಲವನ್ನೂ ಕಂಡಿದೆ. ಬೊಂಬೆಯ ದುಃಖವನ್ನು ಬೇಗ ಮುಗಿಸಿಬಿಡುವ ಆತುರ ಅದಕ್ಕೆ.

ಇಬ್ಬರ ಅಮ್ಮ

ನಾನು ಶಿಕ್ಷಕಿಯಲ್ಲ, ನನ್ನ ಚಿಕ್ಕ ಮಗನ ವಿಚಾರ ಕೇಳಬಹುದೇ? ಅವನಿಗೆ ನಾಲ್ಕೂವರೆ. ಬೊಂಬೆ ಅತ್ತರೆ ಅವನೂ ಅಳುತ್ತಾನೆ. ಪಾರ್ಕಿನಲ್ಲಿ ಯಾವುದಾದರೂ ಮಗು ಬಿದ್ದು ಕಿರುಚಿದರೆ ಎರಡೂ ಕಿವಿ ಮುಚ್ಚಿಕೊಂಡು ನನ್ನ ಹಿಂದೆ ಓಡಿಬರುತ್ತಾನೆ, ಆ ಮಗುವಿನ ಕಡೆ ಹೋಗುವುದೇ ಇಲ್ಲ. ಅವನ ಪ್ಲೇಹೋಮಿನಲ್ಲಿ ‘ಇವನಿಗೆ ಬೇರೆ ಮಕ್ಕಳ ಬಗ್ಗೆ ಕಾಳಜಿ ಕಡಿಮೆ’ ಎಂದು ಹೇಳಿದರು. ನನಗಂತೂ ಕಾಳಜಿ ಹೆಚ್ಚಾಗಿದೆ ಎನ್ನಿಸುತ್ತದೆ. ಇಂಥ ಮಗುವನ್ನು ಈ ಆಟಕ್ಕೆ ಕೂರಿಸಬಹುದೇ?

ಕೈಬೊಂಬೆ

ನಿಮ್ಮ ಊಹೆ ಸರಿಯಿರಬಹುದು. ಬೇರೆಯವರ ನೋವು ಕಂಡಾಗ ಕೆಲವು ಮಕ್ಕಳಿಗೆ ಅದು ತಮ್ಮದೇ ಸಂಕಟವಾಗಿಬಿಡುತ್ತದೆ. ಆಗ ಮೊದಲು ತಮ್ಮನ್ನು ತಾವು ಕಾಪಾಡಿಕೊಳ್ಳಬೇಕಾಗುತ್ತದೆ, ಸಹಾಯಕ್ಕೆ ಶಕ್ತಿ ಉಳಿಯುವುದಿಲ್ಲ. ಹೊರಗಿನಿಂದ ನೋಡುವವರಿಗೆ ಅದೂ ನಿರ್ಲಕ್ಷ್ಯವೂ ಒಂದೇ ರೀತಿ ಕಾಣುತ್ತವೆ. ಮನೋವಿಜ್ಞಾನಿ ನ್ಯಾನ್ಸಿ ಐಸೆನ್‌ಬರ್ಗ್ ಅವರು ಈ ಸಂಕಟಕ್ಕೂ ಸಹಾನುಭೂತಿಗೂ ಇರುವ ವ್ಯತ್ಯಾಸವನ್ನು ತಮ್ಮ ಅಧ್ಯಯನಗಳಲ್ಲಿ ವಿವರವಾಗಿ ನೋಡಿದ್ದಾರೆ.

ಇಂಥ ಮಗುವನ್ನು ಪ್ರೇಕ್ಷಕನಾಗಿ ಕೂರಿಸಬೇಡಿ. ಬೊಂಬೆಯನ್ನು ಅವನ ಕೈಗೇ ಕೊಡಿ. ಗುಂಡ ಎಷ್ಟು ಹೊತ್ತು ಅಳಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ತನ್ನ ಕೈಯಲ್ಲಿದೆ ಎಂದು ಗೊತ್ತಾದರೆ ಭಾರ ಇಳಿಯುತ್ತದೆ. ಅಳುವಿನ ಶಬ್ದವನ್ನೇ ತೆಗೆದುಹಾಕಿ, ಭುಜ ಇಳಿಬಿಡುವುದಷ್ಟೇ ಸಾಕು. ಮನೆಯಲ್ಲಿಯೂ ನೀವಿಬ್ಬರೇ ಆಡಬಹುದು.

ಅಂಗಳದ ಆಟ

ಕುಳಿತು ಆಡುವ ಆಟ ನಮ್ಮ ಮಕ್ಕಳಿಗೆ ಹತ್ತು ನಿಮಿಷವೂ ಒಗ್ಗುವುದಿಲ್ಲ. ಅಲ್ಲದೆ ಮರಳುಗುಂಡಿ ಅವರು ಹೇಳಿದ ಹುಡುಗಿ ಏಕೆ ನಕ್ಕಳು ಎಂಬುದನ್ನು ಯಾರೂ ಯೋಚಿಸಿದಂತಿಲ್ಲ. ಗೋಪುರ ಬೀಳುವುದು ನೋಡಲು ನಿಜವಾಗಿಯೂ ಮಜಾ, ಸದ್ದೂ ಮಜಾ. ಅವಳ ಕಣ್ಣು ಬ್ಲಾಕುಗಳ ಮೇಲೆ ಇತ್ತೋ ಹುಡುಗನ ಮುಖದ ಮೇಲೆ ಇತ್ತೋ ಎಂಬುದನ್ನು ಮೊದಲು ನೋಡಬೇಕು. ಮುಖ ನೋಡಿಯೂ ನಕ್ಕಿದ್ದರೆ ಅದು ಬೇರೆ ವಿಚಾರ, ಕೆಲವೊಮ್ಮೆ ಗಾಬರಿಗೂ ಮಕ್ಕಳು ನಗುತ್ತಾರೆ. ಮುಖವನ್ನೇ ನೋಡಿರದಿದ್ದರೆ ನೋಡುವುದನ್ನು ಕಲಿಸಬೇಕು, ಅಷ್ಟೇ.

ಅದಕ್ಕಾಗಿ ನಾನು ‘ನೋಡಿ ಬೀಳಿಸು’ ಎಂಬ ಆಟ ಆಡಿಸುತ್ತೇನೆ. ಮಕ್ಕಳು ಜೋಡಿಯಾಗಿ ಗೋಪುರ ಕಟ್ಟುತ್ತಾರೆ. ಒಬ್ಬರು ಯಜಮಾನರು, ಇನ್ನೊಬ್ಬರು ಬೀಳಿಸುವವರು. ಯಜಮಾನರು ಮಾತನಾಡುವಂತಿಲ್ಲ, ಮುಖದಲ್ಲೇ ಹೇಳಬೇಕು. ಬೀಳಿಸುವವರು ಕೈ ಚಾಚಿ ನಿಂತು ಯಜಮಾನರ ಮುಖ ನೋಡಬೇಕು. ನಕ್ಕು ತಲೆಯಾಡಿಸಿದರೆ ಒಂದೇ ಏಟಿಗೆ ಕೆಡವಬಹುದು, ಹುಬ್ಬು ಗಂಟಿಕ್ಕಿದರೆ ಕೈ ಹಿಂದಕ್ಕೆ. ಮೂರು ಬಾರಿಯಾದ ಮೇಲೆ ಸ್ಥಾನ ಬದಲಾಗುತ್ತದೆ. ಯಾವಾಗಲೂ ‘ಬೇಡ’ ಎನ್ನುವ ಯಜಮಾನರಿಂದ ಆಟ ಸತ್ತುಹೋಗುತ್ತದೆ, ಆದ್ದರಿಂದ ಮೂರರಲ್ಲಿ ಒಂದು ಸಲವಾದರೂ ಒಪ್ಪಲೇಬೇಕು ಎಂಬ ನಿಯಮವಿದೆ. ಬೀಳಿಸುವ ಖುಷಿಯನ್ನು ಯಾರಿಂದಲೂ ಕಿತ್ತುಕೊಳ್ಳದ ಕಾರಣ ಮಕ್ಕಳು ಇದನ್ನು ತಾವಾಗಿ ಮತ್ತೆ ಮತ್ತೆ ಕೇಳುತ್ತಾರೆ.

ಇನ್ನೊಂದು ಮಾತು. ಸೋತವರನ್ನು ಹೊರಗೆ ಕಳಿಸುವ ಆಟಗಳನ್ನು ಈ ವಯಸ್ಸಿನಲ್ಲಿ ನಾನು ಪೂರ್ತಿ ಬಿಟ್ಟಿದ್ದೇನೆ. 1994ರಲ್ಲಿ ಬೇ-ಹಿನಿಟ್ಸ್ ಮತ್ತು ಸಂಗಡಿಗರು ನಾಲ್ಕೈದು ವರ್ಷದ ಮಕ್ಕಳ ತರಗತಿಗಳಲ್ಲಿ ಕೂಡಿ ಆಡುವ ಆಟಗಳನ್ನೂ ಪೈಪೋಟಿಯ ಆಟಗಳನ್ನೂ ಸರದಿಯಲ್ಲಿ ಆಡಿಸಿ ನೋಡಿದರು. ಕೂಡಿ ಆಡುವ ಅವಧಿಯಲ್ಲಿ ಜಗಳ ಬಡಿದಾಟ ಇಳಿಯಿತು, ಪೈಪೋಟಿಯ ಅವಧಿಯಲ್ಲಿ ಏರಿತು.

ತಾಳಮೇಳ

ನೋಡಿ ಬೀಳಿಸು ಆಟ ನನಗೆ ಬಹಳ ಹಿಡಿಸಿತು. ಆದರೆ ಸೋಲನ್ನೇ ತೆಗೆದುಹಾಕಿದರೆ ಸೋತವರ ಭಾವನೆಯನ್ನು ಮಕ್ಕಳು ಎಲ್ಲಿ ನೋಡಬೇಕು? ಕುರ್ಚಿಯಾಟದಲ್ಲಿ ಹೊರಬಿದ್ದ ಮಗುವಿನ ಮುಖ ನಿಜವಾದದ್ದು, ಬೊಂಬೆಯದಲ್ಲ.

ಅಂಗಳದ ಆಟ

ನಿಜವಾದದ್ದು ಹೌದು, ಆದರೆ ಆ ಹೊತ್ತಿನಲ್ಲಿ ಅದನ್ನು ನೋಡುವ ಪುರುಸೊತ್ತು ಯಾರಿಗಿದೆ? ಉಳಿದವರೆಲ್ಲರ ಕಣ್ಣು ಕುರ್ಚಿಯ ಮೇಲೆ. ಕುರ್ಚಿಗಳು ಕಡಿಮೆಯಾಗುತ್ತಾ ಹೋದರೂ ಯಾರೂ ಹೊರಗೆ ಹೋಗದೆ, ಉಳಿದ ಕುರ್ಚಿಗಳಲ್ಲೇ ಎಲ್ಲರೂ ಒತ್ತೊತ್ತಾಗಿ ಸೇರಿಕೊಳ್ಳುವಂತೆ ಆಡಿಸಿ ನೋಡಿ. ‘ಇವನಿಗೆ ಜಾಗ ಸಾಲುತ್ತಿಲ್ಲ, ಸ್ವಲ್ಪ ಸರಿ’ ಎಂಬ ಮಾತುಗಳು ಅಲ್ಲಿ ಕೇಳಿಸುತ್ತವೆ. ಐದು ದಾಟಿದ ಮಕ್ಕಳಿಗೆ ಸೋಲಿನ ಆಟವೂ ಬೇಕೇನೋ, ಅದರಲ್ಲಿ ನಿಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ.

ಹೊಸ ಸಹಾಯಕಿ

ನಮ್ಮ ಗುಂಪಿನಲ್ಲಿ ಆಟಿಸಂ ಇರುವ ಒಬ್ಬ ಹುಡುಗನಿದ್ದಾನೆ. ಮುಖ ನೋಡು ಎಂದರೆ ಅವನಿಗೆ ಕಷ್ಟವಾಗುತ್ತದೆ, ಒತ್ತಾಯಿಸಿದರೆ ಎದ್ದುಹೋಗುತ್ತಾನೆ. ಈ ಆಟದಿಂದ ಅವನನ್ನು ಹೊರಗಿಡುವುದು ನನಗೆ ಸರಿಕಾಣುವುದಿಲ್ಲ.

ಅಂಗಳದ ಆಟ

ಹೊರಗಿಡಬೇಡಿ, ಒತ್ತಾಯವೂ ಬೇಡ. ಎಲ್ಲ ಜೋಡಿಗಳಿಗೂ ಮುಖದ ಜೊತೆಗೆ ಒಂದು ಕೈಸನ್ನೆಯನ್ನು ಸೇರಿಸಿ: ಅಂಗೈ ತೋರಿಸಿದರೆ ಬೇಡ, ಬೆರಳು ಕೆಳಗೆ ಮಾಡಿದರೆ ಬೀಳಿಸು. ಅವನು ಕೈ ನೋಡಿ ಆಡಲಿ. ಇನ್ನೊಬ್ಬರಿಗೆ ಬೇಕೋ ಬೇಡವೋ ಎಂದು ವಿಚಾರಿಸಿ ಮುಂದುವರಿಯುವುದೇ ಆಟದ ಉದ್ದೇಶ. ಅದಕ್ಕೆ ಕಣ್ಣಿಗೆ ಕಣ್ಣು ಸೇರಲೇಬೇಕೆಂದಿಲ್ಲ. ಸದ್ದಿನ ತೊಂದರೆಯಿದ್ದರೆ ಮರದ ಬ್ಲಾಕಿನ ಬದಲು ಸ್ಪಂಜಿನವನ್ನು ಬಳಸಿ.

ಕೈಬೊಂಬೆ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ನೋಡಿ ಬೀಳಿಸು ಆಟ ಮುಗಿದ ಮೇಲೆ ಎರಡು ನಿಮಿಷ ಮಾತನಾಡಿಸಿ. 2011ರಲ್ಲಿ ಇಟಲಿಯ ಒರ್ನಾಗಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಮೂರು ನಾಲ್ಕು ವರ್ಷದ ಮಕ್ಕಳ ಎರಡು ಗುಂಪುಗಳು ಮನಸ್ಸಿನ ಮಾತುಗಳಿರುವ ಕಥೆಗಳನ್ನು ಕೇಳಿದವು. ಒಂದು ಗುಂಪು ಆಮೇಲೆ ಆ ಮಾತುಗಳನ್ನೇ ಬಳಸಿ ಸಂಭಾಷಣೆಯ ಆಟವಾಡಿತು, ಇನ್ನೊಂದು ತನ್ನಿಷ್ಟದಂತೆ ಆಡಿಕೊಂಡಿತು; ಭಾವನೆಗಳ ತಿಳಿವಳಿಕೆಯಲ್ಲಿ ಮುಂದೆ ಹೋದದ್ದು ಮಾತನಾಡಿದ ಗುಂಪು. ಪ್ರಶ್ನೆ ಮಾತ್ರ ‘ನಿಮಗೆ ಏನನ್ನಿಸಿತು?’ ಎಂಬಂಥ ಹರವಾದದ್ದಾಗದಿರಲಿ, ಅದಕ್ಕೆ ಎಲ್ಲರೂ ‘ಚೆನ್ನಾಗಿತ್ತು’ ಎಂದುಬಿಡುತ್ತಾರೆ. ‘ಅವಳು ಬೇಡ ಅಂದದ್ದು ನಿನಗೆ ಹೇಗೆ ಗೊತ್ತಾಯಿತು?’ ಎಂದು ಒಬ್ಬೊಬ್ಬರನ್ನೇ ಕೇಳಿ.

ಶಿಸ್ತುಗಾರ

ಗೋಪುರದ ಘಟನೆಯನ್ನೇ ಬೊಂಬೆಗಳಿಂದ ಆಡಿಸಿ ತೋರಿಸಿದರೆ ಆ ಹುಡುಗಿಗೆ ನೇರವಾಗಿ ತಟ್ಟುವುದಿಲ್ಲವೇ? ಇಷ್ಟು ಸುತ್ತುಬಳಸುವುದು ಏಕೆ?

ಕೈಬೊಂಬೆ

ನಾನು ಹಾಗೆ ಮಾಡುವುದಿಲ್ಲ, ಸರ್. ಅಂದಿನ ಜಗಳವನ್ನೇ ಬೊಂಬೆ ಆಡಿದರೆ ಎಲ್ಲರೂ ತಿರುಗಿ ಅವಳನ್ನು ನೋಡುತ್ತಾರೆ. ಅವಳಿಗೆ ಆಗ ಬರುವುದು ನಾಚಿಕೆ. ನಾಚಿಕೆಯಾದ ಮಗು ಇನ್ನೊಬ್ಬರ ಮುಖ ನೋಡುವುದಿಲ್ಲ, ನೆಲ ನೋಡುತ್ತದೆ. ಕೆಲವು ವಾರ ಬಿಟ್ಟು, ಗೋಪುರದ ಬದಲು ಬಿಡಿಸಿದ ಚಿತ್ರದ ಮೇಲೆ ನೀರು ಚೆಲ್ಲಿದ ಕಥೆ ಮಾಡುತ್ತೇನೆ.

ಅಂಗಳದ ಆಟ

ಇಲ್ಲಿ ನಾನು ಶಿಸ್ತುಗಾರ ಸರ್ ಅವರ ಕಡೆ ಸ್ವಲ್ಪ ವಾಲುತ್ತೇನೆ. ಮೂರೂವರೆ ವರ್ಷದ ಮಗುವಿಗೆ ವಾರಗಳ ನಂತರದ ಬೇರೆ ಕಥೆ ತನ್ನದಕ್ಕೆ ಸಂಬಂಧಿಸಿದ್ದೆಂದು ಹೊಳೆಯುವುದು ಅನುಮಾನ. ಅದೇ ದಿನ, ಆ ಇಬ್ಬರನ್ನು ಮಾತ್ರ ಕೂರಿಸಿಕೊಂಡು, ಬೀಳಿಸಿದವಳ ಕೈಗೆ ಗೋಪುರ ಕಟ್ಟಿದವನ ಬೊಂಬೆ ಕೊಟ್ಟು ಆಡಿಸಿದರೆ ಪ್ರಯೋಜನವಿದೆ ಎಂಬುದು ನನ್ನ ಅಭಿಪ್ರಾಯ. ಉಳಿದವರ ಮುಂದೆ ಬೇಡ ಎಂಬುದು ಸರಿ.

ಕೈಬೊಂಬೆ

ಇಬ್ಬರೇ ಇದ್ದು, ಇಬ್ಬರ ಮನಸ್ಸೂ ತಣ್ಣಗಾಗಿದ್ದರೆ ಆಗಬಹುದು. ಆದರೂ ಕಟ್ಟಿದವನಿಗೆ ತನ್ನ ಅಳುವನ್ನು ಮತ್ತೊಮ್ಮೆ ನೋಡಲು ಇಷ್ಟವಿದೆಯೇ ಎಂದು ಮೊದಲು ಕೇಳಬೇಕು. ಬಹಳ ಮಕ್ಕಳು ಬೇಡ ಎನ್ನುತ್ತಾರೆ.

ಮರಳುಗುಂಡಿ

ಎಲ್ಲರಿಗೂ ಧನ್ಯವಾದಗಳು. ನೋಡಿ ಬೀಳಿಸು ಆಟವನ್ನು ಸ್ಪಂಜಿನ ಬ್ಲಾಕುಗಳಿಂದ ಮೊದಲು ಶುರುಮಾಡಿ, ಆಮೇಲೆ ಬೊಂಬೆಗಳಿಗೆ ಬರುತ್ತೇನೆ. ಫಲ ಸಿಗುತ್ತಿದೆಯೇ ಎಂದು ತಿಳಿಯಲು ಆಟದಲ್ಲಿ ಸರಿಯಾದ ಬಿಲ್ಲೆ ಇಟ್ಟವರನ್ನು ಎಣಿಸಿದರೆ ಸಾಕೇ?

ಕೈಬೊಂಬೆ

ಸಾಲದು. ಹಾಗೆ ಎಣಿಸಿದರೆ ಕಾರ್ಡಿನ ಆಟದ ಕಥೆಯೇ ಮತ್ತೆ ಆಗುತ್ತದೆ. ಬಿಡುವಿನ ಆಟದ ಹೊತ್ತಿನಲ್ಲಿ, ದಿನಕ್ಕೆ ಒಂದೇ ಮಗುವನ್ನು ಆರಿಸಿಕೊಂಡು, ಹತ್ತಿರದಲ್ಲಿ ಯಾರಾದರೂ ಅತ್ತಾಗ ಅದು ಏನು ಮಾಡಿತೆಂದು ಒಂದೆರಡು ಸಾಲು ಬರೆದಿಡಿ: ತಲೆಯೆತ್ತಿತೇ, ಮುಖ ನೋಡಿತೇ, ದೊಡ್ಡವರನ್ನು ಕರೆಯಿತೇ, ಹತ್ತಿರ ಹೋಯಿತೇ, ಏನು ಬೇಕೆಂದು ಕೇಳಿತೇ. ತಲೆಯೆತ್ತಿ ನೋಡಿ ಸುಮ್ಮನಾದದ್ದನ್ನೂ ಬರೆಯಿರಿ. ಮೂರೂವರೆಯ ಮಗುವಿನ ಮಟ್ಟಿಗೆ ಅದೂ ಒಂದು ಹೆಜ್ಜೆ. ನಿಮ್ಮ ಗುಂಪಿನ ಆ ಮೂವರಿಂದಲೇ ಶುರುಮಾಡಬಹುದು.

ಇಬ್ಬರ ಅಮ್ಮ

ನಿನ್ನೆ ಬೊಂಬೆಯನ್ನು ಮಗನ ಕೈಗೇ ಕೊಟ್ಟೆ. ಗುಂಡ ಅಳುವುದೇ ಇಲ್ಲ ಎಂದು ಅವನು ತೀರ್ಮಾನಿಸಿದ್ದಾನೆ, ನನ್ನ ಬೊಂಬೆ ಅಳಬಹುದಂತೆ, ಆದರೆ ಅವನು ಐದು ಎಣಿಸುವವರೆಗೆ ಮಾತ್ರ. ಇದನ್ನು ಹೀಗೆಯೇ ಬಿಡಲೇ, ಅಥವಾ ಎಣಿಕೆಯನ್ನು ಹೆಚ್ಚಿಸಲು ಹೇಳಲೇ?

ಕೈಬೊಂಬೆ

ಹೀಗೆಯೇ ಬಿಡಿ. ಎಣಿಕೆ ಅವನದೇ ಆಗಿರಲಿ.